ಲಿಫ್ಟ್ ಇಲ್ಲದ ಎರಡನೇ ಮಹಡಿ: ಬಾಡಿಗೆ ಮನೆಯ ವಿಡಿಯೊಗೆ ಮಾತು ಬರೆದದ್ದು

ದಾವಣಗೆರೆಯ ನಿಟುವಳ್ಳಿ ಕಡೆ ನಮ್ಮ ಸೋದರಮಾವನಿಗೆ ಸೇರಿದ ಒಂದು ಫ್ಲ್ಯಾಟ್ ಇದೆ. ಆರು ಮನೆಗಳ ಚಿಕ್ಕ ಕಟ್ಟಡ, ಲಿಫ್ಟ್ ಇಲ್ಲ, ಮನೆ ಇರುವುದು ಎರಡನೇ ಮಹಡಿಯಲ್ಲಿ, ಅದರ ನೆತ್ತಿಯ ಮೇಲೆ ನೇರವಾಗಿ ತಾರಸಿ. ಮಾವ ಪುಣೆಯಲ್ಲಿ ಮಗನ ಮನೆಯಲ್ಲಿರುವುದರಿಂದ ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಹಳೆಯ ಬಾಡಿಗೆದಾರರು ಖಾಲಿ ಮಾಡಿದ ಮೇಲೆ ಪರಿಚಯದ ದಲ್ಲಾಳಿಯೊಬ್ಬರು ಒಂದಷ್ಟು ಫೋಟೊ ತೆಗೆದು, ‘ವಿಶಾಲವಾದ, ಗಾಳಿ ಬೆಳಕು ಚೆನ್ನಾಗಿರುವ, 24 ಗಂಟೆ ನೀರಿನ ಮನೆ’ ಎಂದು ಬರೆದು ಹಾಕಿದರು. ಫೋನ್‌ಗಳಿಗೇನೂ ಕಡಿಮೆಯಾಗಲಿಲ್ಲ. ಆದರೆ ಬಂದವರಲ್ಲಿ ಹೆಚ್ಚಿನವರು ಅರ್ಧ ಮನೆ ನೋಡುವ ಮೊದಲೇ ‘ಆಯ್ತು ಮೇಡಂ, ಮನೇಲಿ ಕೇಳಿ ಹೇಳ್ತೀವಿ’ ಎಂದು ಇಳಿದು ಹೋಗುತ್ತಿದ್ದರು. ವಯಸ್ಸಾದ ತಾಯಿಯನ್ನು ಕರೆತಂದಿದ್ದ ಒಬ್ಬರು ಮೊದಲ ಮಹಡಿಯ ತಿರುವಿನಲ್ಲಿಯೇ ನಿಂತುಬಿಟ್ಟರು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗಬೇಕಾಗಿದ್ದ ನರ್ಸ್ ಒಬ್ಬರು ಪಕ್ಕದ ಗಿರಣಿಯ ಸದ್ದು ಕೇಳಿ ಬಾಗಿಲಲ್ಲೇ ತಿರುಗಿದರು.

ಹೀಗೆ ತಿರುಗಿ ಹೋದವರು ಯಾವ ಜಾಗದಲ್ಲಿ ನಿಂತು ಯಾವ ಪ್ರಶ್ನೆ ಕೇಳಿದರು ಎಂಬುದನ್ನು ನಾನು ಒಂದು ಪುಸ್ತಕದಲ್ಲಿ ಬರೆದಿಡುತ್ತಾ ಬಂದೆ. ಮನೆಯ ಒಳಹೊರಗನ್ನು ನಡೆದು ತೋರಿಸುವ ಒಂದು ವಿಡಿಯೊ ಮಾಡಿ ಕಳಿಸು ಎಂದು ಮಾವ ಹೇಳಿದಾಗ ಆ ಪುಟವೇ ನನ್ನ ಕೆಲಸಕ್ಕೆ ಆಧಾರವಾಯಿತು. ಮೆಟ್ಟಿಲು, ಗಾಡಿ ನಿಲ್ಲಿಸುವ ಜಾಗ, ನೀರು, ಗಿರಣಿ, ಪಶ್ಚಿಮದ ಕೋಣೆಯ ಬಿಸಿ, ಚಾವಣಿಯ ಕಲೆ: ಜನ ಬೇಡವೆಂದದ್ದು ಬಹುಮಟ್ಟಿಗೆ ಇವುಗಳಿಗಾಗಿ. ಈ ಆರೂ ಸಂಗತಿಗಳಿಗೆ ವಿಡಿಯೊದಲ್ಲಿ ಉತ್ತರ ಸಿಕ್ಕರೆ, ಆ ಕಾರಣಕ್ಕೆ ಬೇಡವೆನ್ನುವವರು ಮನೆಯಲ್ಲಿ ಕುಳಿತೇ ಬೇಡವೆನ್ನುತ್ತಾರೆ, ಮೆಟ್ಟಿಲು ಹತ್ತಿ ಬರುವವರು ನಿಜವಾಗಿಯೂ ಮನೆ ಬೇಕಾದವರಾಗಿರುತ್ತಾರೆ ಎಂಬುದು ನನ್ನ ಲೆಕ್ಕ.

ಮೊದಲು ತೀರ್ಮಾನವಾಗಬೇಕಾಗಿದ್ದದ್ದು ಕ್ರಮ. ಇಂಥ ವಿಡಿಯೊಗಳಲ್ಲಿ ಸಾಮಾನ್ಯವಾಗಿ ಹಾಲ್‌ನಿಂದ ಶುರುಮಾಡಿ, ಚೆಂದ ಕಾಣುವ ಕೋಣೆಗಳನ್ನೆಲ್ಲ ತೋರಿಸಿ, ಬಾಡಿಗೆಯನ್ನು ಕೊನೆಗೆ ಹೇಳುತ್ತಾರೆ. ನಾನು ಬಾಡಿಗೆ, ಅಡ್ವಾನ್ಸ್ ಮತ್ತು ಮಹಡಿ ಈ ಮೂರನ್ನೂ ಮೊದಲ ವಾಕ್ಯಕ್ಕೆ ತಂದೆ. ಎಂಟೂವರೆ ಸಾವಿರ ಕೊಡಲಾಗದವರಿಗೆ ನಾಲ್ಕು ನಿಮಿಷ ಮನೆ ತೋರಿಸಿ ಕೊನೆಯಲ್ಲಿ ಮೊತ್ತ ಹೇಳುವುದು ಸರಿಯಲ್ಲ. ಅಲ್ಲಿಂದ ಮುಂದಕ್ಕೆ ಬಾಡಿಗೆದಾರ ತಾನೇ ನಡೆದು ಬರುವ ದಾರಿಯನ್ನೇ ಹಿಡಿದೆ: ರಸ್ತೆ, ಗೇಟು, ಮೆಟ್ಟಿಲು, ಬಾಗಿಲು, ಹಾಲ್, ಅಡುಗೆಮನೆ, ಕೋಣೆಗಳು, ಬಚ್ಚಲು, ತಾರಸಿ. ಕೊರತೆಗಳನ್ನು ಕೊನೆಯಲ್ಲಿ ಒಟ್ಟಾಗಿ ಹೇಳದೆ, ಯಾವ ಕೊರತೆ ಯಾವ ಜಾಗದಲ್ಲಿದೆಯೋ ಅಲ್ಲಿಯೇ ಕ್ಯಾಮೆರಾ ನಿಲ್ಲಿಸಿ ಹೇಳಬೇಕೆಂದು ಗೊತ್ತುಮಾಡಿಕೊಂಡೆ. ಕೊನೆಗೆ ಗುಡ್ಡೆ ಹಾಕಿ ಹೇಳಿದರೆ ಚಿಕ್ಕ ಕೊರತೆಯೂ ದೊಡ್ಡದೂ ಒಂದೇ ತೂಕದ್ದಾಗಿ ಕೇಳಿಸುತ್ತವೆ. ಆ ಹೊತ್ತಿಗೆ ಅರ್ಧ ಜನ ವಿಡಿಯೊ ಮುಚ್ಚಿರುತ್ತಾರೆ ಕೂಡ.

ಆರಂಭದ ಮಾತು ಹೀಗಾಯಿತು: ‘ನಮಸ್ಕಾರ. ಇದು ದಾವಣಗೆರೆಯ ನಿಟುವಳ್ಳಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಎರಡನೇ ಮಹಡಿಯಲ್ಲಿರುವ ಎರಡು ಬೆಡ್‌ರೂಮಿನ ಮನೆ. ಬಾಡಿಗೆ ತಿಂಗಳಿಗೆ 8,500 ರೂಪಾಯಿ, ಮೇಂಟೆನೆನ್ಸ್ 600, ಅಡ್ವಾನ್ಸ್ 50,000. ಈಗ ರಸ್ತೆಯಿಂದ ಒಳಗೆ ಹೋಗೋಣ.’

ರಸ್ತೆಯ ಭಾಗ ಚಿಕ್ಕದು. ಮನೆ ನಂಬರು, ಪಕ್ಕದವರ ನಾಮಫಲಕ, ನಿಂತಿರುವ ಗಾಡಿಗಳ ನಂಬರು ಕಾಣದಂತೆ ಗೇಟನ್ನು ಓರೆಯಾಗಿ ತೋರಿಸಿದೆ. ಖಾಲಿ ಮನೆಯ ಪೂರ್ತಿ ವಿಳಾಸವನ್ನು ಊರಿಗೆಲ್ಲ ಸಾರುವುದು ಬೇಡ, ಬರುವೆನೆಂದವರಿಗೆ ಫೋನಿನಲ್ಲಿ ಹೇಳಿದರೆ ಸಾಕು. ಗೇಟಿನ ಒಳಗೆ ಒಂದು ಮನೆಗೆ ಎರಡು ಬೈಕ್ ನಿಲ್ಲಿಸಲು ಜಾಗವಿದೆ, ಕಾರಿಗೆ ಇಲ್ಲ. ‘ಕಾರ್ ಇದ್ದರೆ ರಸ್ತೆ ಬದಿಯಲ್ಲೇ ನಿಲ್ಲಿಸಬೇಕಾಗುತ್ತದೆ, ಅದಕ್ಕೆ ನೆರಳಿಲ್ಲ’ ಎಂಬ ಒಂದು ವಾಕ್ಯದಲ್ಲಿ ಆ ವಿಷಯ ಮುಗಿಯಿತು.

ಮೆಟ್ಟಿಲಿಗೆ ಮಾತ್ರ ಸಮಯ ಕೊಟ್ಟೆ. ನೆಲದಿಂದ ಮನೆಯ ಬಾಗಿಲಿಗೆ 38 ಮೆಟ್ಟಿಲುಗಳಿವೆ. ‘ಎರಡನೇ ಮಹಡಿ’ ಎಂದರೆ ಕೆಲವರು ನೆಲಮಹಡಿಯನ್ನೇ ಒಂದೆಂದು ಎಣಿಸಿಕೊಂಡು ಬರುತ್ತಾರೆ. 38 ಎಂದು ಹೇಳಿದರೆ ಆ ಗೊಂದಲವಿರುವುದಿಲ್ಲ. ಮೆಟ್ಟಿಲಿನ ಅಗಲ ಮೂರು ಅಡಿ, ನಡುವೆ ಕಿರಿದಾದ ತಿರುವು, ಅಲ್ಲಿ ಕಬ್ಬಿಣದ ಕಂಬಿಯ ಕೈಪಿಡಿ ಸ್ವಲ್ಪ ಒಳಕ್ಕೆ ಚಾಚಿಕೊಂಡಿದೆ. ಹಳೆಯ ಬಾಡಿಗೆದಾರರು ಬೀರು ಮತ್ತು ಫ್ರಿಜ್ಜನ್ನು ಆ ತಿರುವಿನಲ್ಲಿ ನಿಲ್ಲಿಸಿ ತಿರುಗಿಸಿ ಒಯ್ದಿದ್ದರು, ಮಂಚ ಮಾತ್ರ ಬಿಚ್ಚಬೇಕಾಯಿತು. ಆದ್ದರಿಂದ ತಿರುವಿನಲ್ಲಿ ಅಳತೆಪಟ್ಟಿ ಹಿಡಿದು ತೋರಿಸಿ, ‘ಬಿಚ್ಚಲು ಬಾರದ ಡಬಲ್ ಕಾಟ್ ಅಥವಾ ಮೂರು ಜನ ಕೂರುವ ಒಂದೇ ತುಂಡಿನ ಸೋಫಾ ಇಲ್ಲಿ ತಿರುಗುವುದು ಕಷ್ಟ. ಗ್ಯಾಸ್ ಸಿಲಿಂಡರ್ ಮೇಲಕ್ಕೆ ತಂದುಕೊಡುವವರು ಸ್ವಲ್ಪ ಹೆಚ್ಚಿಗೆ ಕೇಳುತ್ತಾರೆ. ಮಂಡಿ ನೋವಿರುವ ಹಿರಿಯರು ಮನೆಯಲ್ಲಿದ್ದರೆ ಇದನ್ನು ಯೋಚಿಸಿ’ ಎಂದು ಹೇಳಿದೆ. ಕ್ಯಾಮೆರಾ ಹಿಡಿದು ಹತ್ತುವ ದೃಶ್ಯವನ್ನು ಕತ್ತರಿಸದೆ ಇಟ್ಟುಕೊಂಡೆ. ಕೊನೆಯ ಮೆಟ್ಟಿಲಿನ ಹೊತ್ತಿಗೆ ನನ್ನ ಉಸಿರಿನ ಸದ್ದೂ ಅದರಲ್ಲಿ ಸೇರಿದೆ. ತೆಗೆಯುವ ಅಗತ್ಯ ಕಾಣಲಿಲ್ಲ.

ಹಾಲ್‌ನಲ್ಲಿ ಮುಖ್ಯವಾದದ್ದು ಅಳತೆ. ನಮ್ಮ ಕಡೆ ಮನೆಯನ್ನು ಚದರದಲ್ಲಿ ಹೇಳುತ್ತೇವೆ, ಒಂದು ಚದರವೆಂದರೆ ನೂರು ಚದರಡಿ. ದಲ್ಲಾಳಿಯವರು ಈ ಮನೆಯನ್ನು ಏಳೂವರೆ ಚದರ ಎಂದು ಬರೆದಿದ್ದರು. ಅದೇನೂ ಸುಳ್ಳಲ್ಲ, ಕಾಗದದಲ್ಲಿ ಇರುವುದು ಹಾಗೆಯೇ. ಆದರೆ ಅದರಲ್ಲಿ ಗೋಡೆಗಳ ದಪ್ಪವೂ ಮೆಟ್ಟಿಲಿನ ಪಾಲೂ ಸೇರಿಕೊಂಡಿವೆ. ನಾನು ಗೋಡೆಯಿಂದ ಗೋಡೆಗೆ ಪಟ್ಟಿ ಹಿಡಿದು ಅಳೆದಾಗ ಹಾಲ್ 10 ಅಡಿಗೆ 14, ಅಡುಗೆಮನೆ 8ಕ್ಕೆ 9, ದೊಡ್ಡ ಕೋಣೆ 10ಕ್ಕೆ 11, ಚಿಕ್ಕದು 10ಕ್ಕೆ 10 ಬಂದವು. ಬಚ್ಚಲು, ಶೌಚಾಲಯ, ನಡುವಿನ ಓಣಿ, ಪಾತ್ರೆ ತೊಳೆಯುವ ಜಾಗ ಎಲ್ಲ ಕೂಡಿಸಿದರೆ ಕಾಲಿಡುವ ನೆಲ ಸುಮಾರು 530 ಚದರಡಿ. ವಿಡಿಯೊದಲ್ಲಿ ಎರಡನ್ನೂ ಹೇಳಿದೆ: ಕಾಗದದಲ್ಲಿ ಏಳೂವರೆ ಚದರ, ನೀವು ಸಾಮಾನು ಇಡುವ ಜಾಗ ಐದು ಚದರಕ್ಕೆ ಸ್ವಲ್ಪ ಮೇಲೆ.

ಇದಕ್ಕೆ ಹೊಂದಿಕೊಂಡದ್ದೇ ಲೆನ್ಸಿನ ವಿಷಯ. ಈಗಿನ ಎಷ್ಟೋ ಫೋನ್‌ಗಳಲ್ಲಿ 0.5x ಎಂದು ತೋರಿಸುವ ಅಗಲ ಲೆನ್ಸ್ ಇರುತ್ತದೆ. ಅದರಲ್ಲಿ ತೆಗೆದರೆ ಕೋಣೆ ಪೂರ್ತಿ ಒಂದೇ ನೋಟಕ್ಕೆ ಸಿಗುತ್ತದೆ ನಿಜ, ಆದರೆ ಎದುರು ಗೋಡೆ ದೂರ ಸರಿದು ಹತ್ತಡಿಯ ಕೋಣೆ ಹದಿನೈದಡಿಯಂತೆ ಕಾಣುತ್ತದೆ. ದಲ್ಲಾಳಿಯವರ ಫೋಟೊಗಳಲ್ಲಿ ಹಾಲ್ ಅಷ್ಟು ದೊಡ್ಡದಾಗಿ ಕಂಡದ್ದು ಹೀಗೆಯೇ. ಅಂಚಿನಲ್ಲಿದ್ದ ಬಾಗಿಲ ಚೌಕಟ್ಟು ಹೊರಕ್ಕೆ ಬಾಗಿದಂತಿರುವುದನ್ನು ನೋಡಿದರೆ ಯಾರಿಗೂ ಗೊತ್ತಾಗುತ್ತದೆ. ನಾನು 1x ನಲ್ಲಿಯೇ ಉಳಿದೆ. ಬಾಗಿಲ ಮೂಲೆಯಲ್ಲಿ ಬೆನ್ನು ಗೋಡೆಗೆ ತಾಗುವಂತೆ ನಿಂತು, ಫೋನನ್ನು ಎದೆಯ ಎತ್ತರದಲ್ಲಿ ಹಿಡಿದು, ಎದುರು ಮೂಲೆಯತ್ತ ನಿಧಾನವಾಗಿ ತಿರುಗಿಸಿದೆ. ಖಾಲಿ ಕೋಣೆಯ ಅಳತೆ ಕಣ್ಣಿಗೆ ನಿಲುಕುವುದಿಲ್ಲವಾದ್ದರಿಂದ ನಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಒಯ್ದು ಪ್ರತಿ ಕೋಣೆಯಲ್ಲೂ ಇಟ್ಟೆ. ಮೊದಲು ದೀಪ ಹಾಕದೆ ಹಗಲಿನ ಬೆಳಕಿನಲ್ಲಿ ತೋರಿಸಿ, ಆಮೇಲೆ ದೀಪ ಹಾಕಿದೆ. ಕಿಟಕಿಯ ಕಡೆಯಿಂದ ಮೂಲೆಗೆ ತಿರುಗಿದಾಗ ಫೋನ್ ತಾನಾಗಿ ಬೆಳಕನ್ನು ಹೆಚ್ಚುಕಡಿಮೆ ಮಾಡಿಕೊಂಡು ಕತ್ತಲೆಯ ಮೂಲೆಯೂ ಬೆಳ್ಳಗೆ ಕಾಣುತ್ತದೆ. ಪರದೆಯ ಮೇಲೆ ಒತ್ತಿ ಹಿಡಿದು ಬೆಳಕನ್ನು ಒಂದೇ ಮಟ್ಟಕ್ಕೆ ಕಟ್ಟಿದರೆ ಆ ತೊಂದರೆ ಇರುವುದಿಲ್ಲ.

ಅಡುಗೆಮನೆಯ ಕಟ್ಟೆ, ಸಿಂಕು, ಕಟ್ಟೆಯ ಕೆಳಗೆ ಸಿಲಿಂಡರಿನ ಜಾಗ ಇವಕ್ಕೆ ಮಾತು ಹೆಚ್ಚು ಬೇಕಿರಲಿಲ್ಲ, ತೋರಿಸಿದರೆ ಸಾಕು. ಮಿಕ್ಸಿಗೂ ಫ್ರಿಜ್ಜಿಗೂ ಸೇರಿ ಇರುವುದು ಎರಡೇ ಪ್ಲಗ್ ಎಂಬುದನ್ನು ಹೇಳಿದೆ. ಮುಖ್ಯ ಸಂಗತಿ ಕಿಟಕಿಯದು. ಅದು ತೆರೆಯುವುದು ಪಕ್ಕದ ಹಿಟ್ಟಿನ ಗಿರಣಿಯ ಕಡೆಗೆ. ಗಿರಣಿ ನಡೆಯುವುದು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ, ಮತ್ತೆ ಸಂಜೆ ಐದರಿಂದ ಏಳೂವರೆವರೆಗೆ, ಭಾನುವಾರ ರಜೆ. ಈ ವೇಳೆಯನ್ನು ಗಿರಣಿಯವರನ್ನೇ ಕೇಳಿ ಬರೆದುಕೊಂಡೆ. ದಲ್ಲಾಳಿಯವರು ಭಾನುವಾರ ಫೋಟೊ ತೆಗೆದಿದ್ದರು. ನಾನು ಅಡುಗೆಮನೆಯ ಭಾಗವನ್ನು ಬೇಕೆಂದೇ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತೆಗೆದು, ಮಧ್ಯದಲ್ಲಿ ಹತ್ತು ಸೆಕೆಂಡು ಮಾತು ನಿಲ್ಲಿಸಿದೆ: ಐದು ಸೆಕೆಂಡು ಕಿಟಕಿ ತೆರೆದು, ಐದು ಸೆಕೆಂಡು ಮುಚ್ಚಿ. ಸದ್ದು ‘ಸ್ವಲ್ಪ’ ಬರುತ್ತದೆಯೋ ‘ಜಾಸ್ತಿ’ ಬರುತ್ತದೆಯೋ ಎಂದು ನಾನು ಹೇಳುವುದಕ್ಕಿಂತ ಅವರೇ ಕೇಳಿಸಿಕೊಳ್ಳುವುದು ಒಳ್ಳೆಯದು. ಫೋನಿನ ಮೈಕು ಗಿರಣಿಯ ಗುಡುಗುಡು ಸದ್ದನ್ನು ಕಿವಿಗೆ ಕೇಳುವುದಕ್ಕಿಂತ ತುಸು ತಗ್ಗಿಸಿಯೇ ಹಿಡಿಯುತ್ತದೆ. ಅದನ್ನೂ ಮಾತಿನಲ್ಲಿ ಸೇರಿಸಿದೆ.

ವಿಡಿಯೊದಲ್ಲಿ ತೋರಿಸಲಾಗದ ಒಂದು ವಿಷಯವೂ ಇತ್ತು. ಅದೇ ಗಿರಣಿಯಲ್ಲಿ ಖಾರದ ಪುಡಿ ಮಾಡುವ ಯಂತ್ರವಿದೆ. ಬೇಸಿಗೆಯಲ್ಲಿ, ಯುಗಾದಿಯ ಆಸುಪಾಸಿನಲ್ಲಿ, ವರ್ಷಕ್ಕಾಗುವಷ್ಟು ಬ್ಯಾಡಗಿ ಮೆಣಸಿನಕಾಯಿ ಒಣಗಿಸಿ ಹುರಿದುಕೊಂಡು ಜನ ಬರುತ್ತಾರೆ. ಆ ವಾರಗಳಲ್ಲಿ ಕಿಟಕಿ ತೆರೆದರೆ ಘಾಟು ನೇರವಾಗಿ ಒಳಗೆ ಬಂದು ಸೀನು, ಕಣ್ಣುರಿ. ಹಳೆಯ ಬಾಡಿಗೆದಾರರ ಮಗುವಿಗೆ ಉಬ್ಬಸವಿತ್ತು, ಅವರು ಮಾರ್ಚಿಯಿಂದ ಮೇವರೆಗೆ ಆ ಕಿಟಕಿಯನ್ನು ತೆಗೆಯುತ್ತಲೇ ಇರಲಿಲ್ಲವಂತೆ. ಮಾತಿನಲ್ಲಿ ಹೀಗೆ ಬರೆದೆ: ‘ಬೇಸಿಗೆಯಲ್ಲಿ ಗಿರಣಿ ನಡೆಯುವ ಹೊತ್ತಿನಲ್ಲಿ ಖಾರದ ಘಾಟು ಬರುತ್ತದೆ. ಉಬ್ಬಸ, ಅಲರ್ಜಿ ಇರುವವರು ಇದನ್ನು ಗಮನಿಸಿ. ಹಾಲ್‌ನ ಕಿಟಕಿ ಬೇರೆ ದಿಕ್ಕಿಗಿದೆ, ಅಲ್ಲಿ ಇಷ್ಟು ತೊಂದರೆ ಇಲ್ಲ.’

ಮಾವನಿಗೆ ಈ ವಾಕ್ಯ ಹಿಡಿಸಲಿಲ್ಲ. ‘ಅಲ್ಲಮ್ಮ, ಘಾಟಿನ ಸುದ್ದಿ ಎಲ್ಲಾ ಯಾಕೆ ಹೇಳ್ತೀಯಾ? ಬಂದ ಮೇಲೆ ಅವರಿಗೇ ಗೊತ್ತಾಗ್ತದೆ ಬಿಡು’ ಎಂದರು. ‘ಗೊತ್ತಾಗೋದು ಮನೆಗೆ ಬಂದು ಸಾಮಾನು ಇಳಿಸಿದ ಮೇಲೆ ಮಾವ. ಆಮೇಲೆ ಮೂರೇ ತಿಂಗಳಿಗೆ ಖಾಲಿ ಮಾಡಿದರೆ ಮತ್ತೆ ಮನೆ ಖಾಲಿ ಇರೋದು ನಿಮಗೇ ಅಲ್ವಾ’ ಎಂದು ಕೇಳಿದ್ದಕ್ಕೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಯಿತು ಎಂದರು. ಒಂದು ತಿಂಗಳು ಮನೆ ಖಾಲಿ ಬಿದ್ದರೆ ಹೋಗುವುದು 8,500. ಆ ಲೆಕ್ಕ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಚಿಕ್ಕ ಕೋಣೆಯಲ್ಲಿ ಹೇಳುವಂಥದ್ದೇನಿಲ್ಲ. ಪೂರ್ವದ ಕಿಟಕಿ, ಗೋಡೆಯಲ್ಲಿ ಒಂದು ಕಪಾಟು, ಒಂದು ಫ್ಯಾನು. ದೊಡ್ಡ ಕೋಣೆಯೇ ಇಡೀ ವಿಡಿಯೊದಲ್ಲಿ ಹೆಚ್ಚು ಯೋಚಿಸಿ ಬರೆದ ಭಾಗ. ಅದಕ್ಕೆ ಪಶ್ಚಿಮದ ಗೋಡೆ, ಮೇಲೆ ಬರಿಯ ಆರ್‌ಸಿಸಿ ಚಾವಣಿ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಗೋಡೆಯೂ ಚಾವಣಿಯೂ ಸಂಜೆಯವರೆಗೆ ಕಾಯ್ದು, ಆ ಬಿಸಿಯನ್ನು ಕತ್ತಲಾದ ಮೇಲೆ ಒಳಗೆ ಬಿಡುತ್ತವೆ. ಬೆಳಿಗ್ಗೆ ಬಂದು ನೋಡಿದವರಿಗೆ ಇದು ಮನೆಯಲ್ಲಿಯೇ ತಂಪಾದ ಕೋಣೆ ಎನಿಸುತ್ತದೆ, ರಾತ್ರಿ ಎಂಟಕ್ಕೆ ಗೋಡೆಗೆ ಅಂಗೈ ಇಟ್ಟರೆ ನಿಜ ತಿಳಿಯುತ್ತದೆ. ‘ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿ ಹತ್ತರವರೆಗೆ ಈ ಕೋಣೆ ಬಿಸಿಯಿರುತ್ತದೆ. ಹಳೆಯ ಬಾಡಿಗೆದಾರರು ಆ ಎರಡು ತಿಂಗಳು ಚಿಕ್ಕ ಕೋಣೆಯಲ್ಲಿ ಮಲಗುತ್ತಿದ್ದರು. ಏಸಿಗೆ ಬೇಕಾದ ದೊಡ್ಡ ಪ್ಲಗ್ ಇಲ್ಲಿ ಇಲ್ಲ, ಕೂಲರ್ ಇಡಬಹುದು’ ಎಂದು ಹೇಳಿದೆ.

ಅದೇ ಕೋಣೆಯ ಚಾವಣಿಯ ಮೂಲೆಯಲ್ಲಿ ಊಟದ ತಟ್ಟೆಯಷ್ಟಗಲದ ಕಂದು ಕಲೆಯಿದೆ. ಹಿಂದಿನ ಮಳೆಗಾಲದಲ್ಲಿ ನೀರು ಜಿನುಗಿದ ಗುರುತು. ತಾರಸಿಯ ನೀರು ಹೊರಹೋಗುವ ಪೈಪು ಚಾವಣಿಯನ್ನು ಸೇರುವ ಜಾಗದಲ್ಲಿ ಸಿಮೆಂಟು ಬಿರುಕು ಬಿಟ್ಟು, ಅಲ್ಲಿಂದ ನೀರು ಇಳಿದಿತ್ತು. ಮಳೆ ನಿಂತ ಮೇಲೆ ಮೇಸ್ತ್ರಿ ಆ ಜಾಗವನ್ನು ಕೆತ್ತಿ ವಾಟರ್‌ಪ್ರೂಫ್ ಗಾರೆ ಹಾಕಿದ್ದಾರೆ. ಬಣ್ಣ ಹೊಡೆಸಿಬಿಟ್ಟರೆ ಕಲೆಯೇ ಕಾಣುವುದಿಲ್ಲ ಎಂಬುದು ಮಾವನ ಮಾತಾಗಿತ್ತು. ಆದರೆ ರಿಪೇರಿ ನಿಂತಿದೆಯೋ ಇಲ್ಲವೋ ತಿಳಿಯಬೇಕಾದರೆ ಆ ಕಲೆ ಕಣ್ಣಿಗೆ ಕಾಣುತ್ತಿರಬೇಕು. ಹಳೆಯ ಕಲೆಯ ಅಂಚು ಒಣಗಿ ಗಟ್ಟಿಯಾಗಿರುತ್ತದೆ. ನೀರು ಇನ್ನೂ ಇಳಿಯುತ್ತಿದ್ದರೆ ಅಂಚು ಕಪ್ಪಾಗಿ, ಬಣ್ಣ ಉಬ್ಬಿ, ಬೆರಳಿನಿಂದ ಉಜ್ಜಿದರೆ ಬಿಳಿ ಪುಡಿ ಉದುರುತ್ತದೆ. ಇಲ್ಲಿ ಪುಡಿ ಉದುರಲಿಲ್ಲ. ಆದರೂ ಬೇಸಿಗೆಯಲ್ಲಿ ಕಲೆ ಒಣಗಿರುವುದು ಯಾವುದಕ್ಕೂ ಸಾಕ್ಷಿಯಲ್ಲವಷ್ಟೆ.

ಅದಕ್ಕಾಗಿ ಮೇಸ್ತ್ರಿಯವರೇ ಒಂದು ಪರೀಕ್ಷೆ ಹೇಳಿದರು. ಕಲೆಯ ಅಂಚಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದೆ. ತಾರಸಿಯಲ್ಲಿ ಆ ಪೈಪಿನ ಬಾಯಿಗೆ ಬಟ್ಟೆ ತುರುಕಿ, ಸುತ್ತ ಮಣ್ಣಿನ ಒಡ್ಡು ಕಟ್ಟಿ, ಎರಡು ಅಂಗುಲ ನೀರು ನಿಲ್ಲಿಸಿ ಒಂದು ಹಗಲು ಒಂದು ರಾತ್ರಿ ಬಿಟ್ಟೆವು. ಬಿಸಿಲಿಗೆ ಆರಿದಷ್ಟನ್ನು ನಡುವೆ ತುಂಬಿಸಬೇಕಾಯಿತು. ಮರುದಿನ ಕಲೆ ಗೆರೆ ದಾಟಿರಲಿಲ್ಲ, ಕೈಗೆ ತೇವವೂ ಹತ್ತಲಿಲ್ಲ. ವಿಡಿಯೊದಲ್ಲಿ ಕಲೆಯನ್ನೂ ಗೆರೆಯನ್ನೂ ಹತ್ತಿರದಿಂದ ತೋರಿಸಿ ಹೀಗೆ ಹೇಳಿದೆ: ‘ಹೋದ ಮಳೆಗಾಲದಲ್ಲಿ ಇಲ್ಲಿ ನೀರು ಇಳಿದಿತ್ತು. ರಿಪೇರಿ ಆಗಿದೆ, ತಾರಸಿಯಲ್ಲಿ ನೀರು ನಿಲ್ಲಿಸಿ ನೋಡಿದ್ದೇವೆ, ಸೋರಲಿಲ್ಲ. ಆದರೆ ರಿಪೇರಿಯ ನಂತರ ಜೋರು ಮಳೆ ಇನ್ನೂ ಬಂದಿಲ್ಲ. ಮತ್ತೆ ಇಳಿದರೆ ಮಾಲೀಕರೇ ಸರಿಮಾಡಿಸಿಕೊಡುತ್ತಾರೆ.’ ಕೊನೆಯ ವಾಕ್ಯವನ್ನು ಮಾವನ ಒಪ್ಪಿಗೆ ಪಡೆದು ಸೇರಿಸಿದೆ, ಕರಾರು ಪತ್ರದಲ್ಲಿಯೂ ಬರೆಸಲು ಹೇಳಿದೆ.

ನೀರಿನ ವಿಷಯವನ್ನು ಬಚ್ಚಲಿನಲ್ಲಿ ನಿಂತು ಹೇಳುವುದು ಸರಿಯೆನಿಸಿತು. ‘24 ಗಂಟೆ ನೀರು’ ಎಂಬ ಮಾತಿಗೆ ನಮ್ಮಲ್ಲಿ ನೂರು ಅರ್ಥ. ಈ ಕಟ್ಟಡದಲ್ಲಿ ಪಾಲಿಕೆಯ ನಲ್ಲಿ ನೀರು ಕೆಲವು ದಿನಕ್ಕೊಮ್ಮೆ ಬಂದು ಸಂಪಿಗೆ ಬೀಳುತ್ತದೆ, ಬೇಸಿಗೆಯಲ್ಲಿ ಅದರ ಅಂತರ ಇನ್ನೂ ಹೆಚ್ಚುತ್ತದೆ. ಉಳಿದದ್ದು ಬೋರಿನ ನೀರು. ಎರಡನ್ನೂ ಮೋಟಾರಿನಿಂದ ಮೇಲಿನ ಟ್ಯಾಂಕಿಗೆ ಏರಿಸುತ್ತಾರೆ, ಆದ್ದರಿಂದ ನಲ್ಲಿ ತಿರುಗಿಸಿದರೆ ನೀರು ಬರುವುದು ನಿಜವೇ. ಆದರೆ ಯಾವ ನೀರು, ಎಷ್ಟು ರಭಸದಲ್ಲಿ ಎಂಬುದೇ ಪ್ರಶ್ನೆ.

ರಭಸದ ಬಗ್ಗೆ ಬಹಳ ಜನ ತಿರುಗುಮುರುಗಾಗಿ ಎಣಿಸುತ್ತಾರೆ. ಟ್ಯಾಂಕಿಗೆ ಹತ್ತಿರವಿರುವ ಮೇಲಿನ ಮಹಡಿಯಲ್ಲಿ ನೀರು ಜೋರಾಗಿ ಬರಬೇಕೆಂದು ಅವರ ಊಹೆ. ನೀರಿನ ಒತ್ತಡ ಬರುವುದು ಟ್ಯಾಂಕಿನಿಂದ ನಲ್ಲಿಗೆ ಎಷ್ಟು ಅಡಿ ಇಳಿಯುತ್ತದೆ ಎಂಬುದರಿಂದ. ಇಲ್ಲಿ ಟ್ಯಾಂಕಿನ ಕಟ್ಟೆ ತಾರಸಿಯಿಂದ ಮೂರು ಅಡಿ ಮೇಲಿದೆ. ಈ ಮನೆಯ ಬಚ್ಚಲಿನ ಕೆಳನಲ್ಲಿಗೆ ಟ್ಯಾಂಕಿನ ತಳದಿಂದ ಹನ್ನೊಂದೂವರೆ ಅಡಿಯ ಇಳಿತ ಸಿಗುತ್ತದೆ, ಶವರಿಗೆ ಸುಮಾರು ಏಳೇ ಅಡಿ. ನೆಲಮಹಡಿಯ ನಲ್ಲಿಗಾದರೆ ಮೂವತ್ತು ಅಡಿ ದಾಟುತ್ತದೆ. ಹಾಗಾಗಿ ಕೆಳಗಿನವರ ಶವರಿನಲ್ಲಿ ನೀರು ಸುರಿಯುವಾಗ ಇಲ್ಲಿ ಅದು ಬರಿಯ ಎಳೆ ಎಳೆಯಾಗಿ ಬೀಳುತ್ತದೆ. ಇಷ್ಟೆಲ್ಲ ವಿವರಣೆಯನ್ನು ವಿಡಿಯೊದಲ್ಲಿ ಕೊಡಲಿಲ್ಲ. ಇಪ್ಪತ್ತು ಲೀಟರಿನ ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟು, ಪಕ್ಕದಲ್ಲಿ ಇನ್ನೊಂದು ಫೋನಿನ ಸ್ಟಾಪ್‌ವಾಚ್ ಹಿಡಿದು ತೋರಿಸಿದೆ: ಕೆಳನಲ್ಲಿಯಲ್ಲಿ ಬಕೆಟ್ ತುಂಬಲು ಎರಡು ನಿಮಿಷಕ್ಕೆ ತುಸು ಹೆಚ್ಚು, ಶವರಿನಲ್ಲಿ ಐದು ನಿಮಿಷ. ನೋಡುವವರ ತಾಳ್ಮೆಗಾಗಿ ನಡುವಿನ ಭಾಗ ಕತ್ತರಿಸಿದೆನಾದರೂ ಗಡಿಯಾರದ ಮುಳ್ಳು ಎರಡು ತುದಿಯಲ್ಲೂ ಕಾಣುವಂತೆ ಇಟ್ಟೆ. ‘ಇದು ಬಕೆಟ್ ಸ್ನಾನದ ಮನೆ, ಶವರ್ ಸ್ನಾನದ್ದಲ್ಲ’ ಎಂಬ ಸಾಲು ಅಲ್ಲಿಯೇ ಹೊಳೆದದ್ದು.

ಬೋರಿನ ನೀರು ಗಡುಸು. ನಲ್ಲಿಯ ಬಾಯಿಯಲ್ಲಿ ಕಟ್ಟಿಕೊಂಡ ಬಿಳಿ ಪರೆಯನ್ನು ಒರೆಸದೆ ಹತ್ತಿರದಿಂದ ತೋರಿಸಿದೆ. ಆ ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಗೀಸರಿನ ಕಾಯಿಲ್ ಬೇಗ ಪರೆಗಟ್ಟುತ್ತದೆ. ಕುಡಿಯಲು ಮತ್ತು ಅಡುಗೆಗೆ ಇಲ್ಲಿನವರು ಹತ್ತಿರದ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತಾರೆ, ಆ ಕ್ಯಾನನ್ನೂ 38 ಮೆಟ್ಟಿಲು ಹತ್ತಿಸಬೇಕು. ಶೌಚಾಲಯ ಒಂದೇ, ಅದೂ ಇಂಡಿಯನ್ ಮಾದರಿಯದು, ಬಚ್ಚಲಿಗೆ ಹೊಂದಿಕೊಂಡು ಬೇರೆಯಾಗಿ ಇದೆ. ಇದನ್ನು ತೋರಿಸಲು ಸಂಕೋಚಪಡಬಾರದು. ಫೋನಿನಲ್ಲಿ ಜನ ಕೇಳಲು ಹಿಂಜರಿದು, ಬಂದು ನೋಡಿ ಹೋಗುವ ವಿಷಯ ಇದೇ.

ತಾರಸಿಯಲ್ಲಿ ಬಟ್ಟೆ ಒಣಗಿಸುವ ತಂತಿ ತೋರಿಸಿದ್ದಾಯಿತು. ಕರೆಂಟಿನ ಮಾತು ಕೆಳಗೆ ಮೀಟರ್ ಬೋರ್ಡಿನ ಮುಂದೆ. ಪ್ರತಿ ಮನೆಗೂ ಬೆಸ್ಕಾಂನ ಬೇರೆ ಮೀಟರ್ ಇದೆ, ಬೇರೆ ಆರ್‌.ಆರ್‌. ನಂಬರ್ ಇದೆ. ಇದು ಮೊದಲಿಗಿಂತ ಈಗ ಹೆಚ್ಚು ಮುಖ್ಯ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಾಡಿಗೆದಾರರೂ ತಮ್ಮ ಆಧಾರ್ ಜೋಡಿಸಿ ಅರ್ಜಿ ಹಾಕಬಹುದು, ಆದರೆ ಹಳೆಯ ಬಾಡಿಗೆದಾರರ ಜೋಡಣೆ ಆ ನಂಬರಿನಿಂದ ತೆಗೆದಿರಬೇಕು. ಇಲ್ಲಿ ತೆಗೆಸಿಯಾಗಿದೆ ಎಂದು ಹೇಳಿದೆ. ನಂಬರಿನ ಮೇಲೆ ಮಾತ್ರ ಹೆಬ್ಬೆರಳು ಅಡ್ಡ ಇಟ್ಟುಕೊಂಡೆ.

ಕೊನೆಯ ಭಾಗ ಕರಾರಿನದು, ಅದರಲ್ಲಿ ನಮ್ಮಿಬ್ಬರಿಗೆ ಸ್ವಲ್ಪ ಎಳೆದಾಟವಾಯಿತು. ಹನ್ನೊಂದು ತಿಂಗಳ ಕರಾರು, ಮುಂದುವರಿಸಿದರೆ ಬಾಡಿಗೆ ನೂರಕ್ಕೆ ಐದು ಹೆಚ್ಚು, ಎರಡೂ ಕಡೆ ಒಂದು ತಿಂಗಳ ನೋಟಿಸು: ಇವೆಲ್ಲ ಸಲೀಸು. ಬಿಡುವಾಗ ಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿಯ ವಾಡಿಕೆ, ಮಾವನೂ ಹಿಡಿಯುತ್ತಾರೆ. ಹಾಗಾದರೆ ವಾಪಸು ಬರುವುದು 50,000 ಅಲ್ಲ, 41,500 ಎಂದು ಮೊತ್ತವನ್ನೇ ಹೇಳಬೇಕೆಂದೆ, ಒಪ್ಪಿದರು. ಆದರೆ ‘ಯಾವ ಜನ ಅಂತ ಕೇಳ್ಕೋ’ ಎಂದು ಅವರು ಹೇಳಿದ್ದನ್ನು ನಾನು ವಿಡಿಯೊದಲ್ಲಿಯೂ ಫೋನಿನಲ್ಲಿಯೂ ಕೇಳಲಾರೆ ಎಂದುಬಿಟ್ಟೆ. ಬಾಡಿಗೆ ಹೊತ್ತಿಗೆ ಬರುತ್ತದೆಯೇ, ಮನೆಯಲ್ಲಿ ಎಷ್ಟು ಜನ, ಈ ಎರಡನ್ನು ಕೇಳಿದರೆ ಸಾಕಾಗುತ್ತದೆ. ಮಾಂಸದ ಅಡುಗೆಗೆ ಅಡ್ಡಿಯಿಲ್ಲ ಎಂದು ಸ್ಪಷ್ಟವಾಗಿ ಹೇಳಲು ಕೊನೆಗೆ ಅತ್ತೆಯೇ ಮಾವನನ್ನು ಒಪ್ಪಿಸಿದರು.

ಬರೆದದ್ದನ್ನು ಗಟ್ಟಿಯಾಗಿ ಓದಿ, ನಾಲಿಗೆ ತೊಡರಿದ ಕಡೆಯೆಲ್ಲ ವಾಕ್ಯವನ್ನು ಮುರಿದೆ. ನಡೆಯುತ್ತಾ ಮಾತಾಡಿದರೆ ಖಾಲಿ ಕೋಣೆಯಲ್ಲಿ ದನಿ ಮೊಳಗುತ್ತದೆ. ಆದ್ದರಿಂದ ಗಿರಣಿ, ಮೆಟ್ಟಿಲು ಮತ್ತು ನಲ್ಲಿಯ ಸದ್ದನ್ನಷ್ಟೇ ಸ್ಥಳದಲ್ಲಿ ಹಿಡಿದು, ಮಾತನ್ನು ನಮ್ಮ ಮನೆಯಲ್ಲಿ ಕುಳಿತು ಬೇರೆಯಾಗಿ ಹೇಳಿ ಸೇರಿಸಿದೆ. ಒಟ್ಟು ನಾಲ್ಕು ನಿಮಿಷದ ಒಳಗೆ ಮುಗಿಯಿತು. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗಿ, ಚಾವಣಿಯ ಕಲೆಯೂ ಪೆನ್ಸಿಲ್ ಗೆರೆಯೂ ಮಸುಕಾಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದಂತೆಯೇ ಹೋಗುತ್ತದೆ.

ವಿಡಿಯೊ ಹೋದ ಮೇಲೆ ಫೋನ್‌ಗಳು ಕಡಿಮೆಯಾದವು, ಮಾವನಿಗೆ ಅದರಿಂದ ಮೊದಲಿಗೆ ಕಳವಳವೇ ಆಯಿತು. ಆದರೆ ಬಂದ ಫೋನ್‌ಗಳ ಪ್ರಶ್ನೆಗಳೇ ಬೇರೆಯಾಗಿದ್ದವು: ಚಿಕ್ಕ ಕೋಣೆಯಲ್ಲಿ ಡಬಲ್ ಕಾಟ್ ಹಾಕಿದರೆ ಕಪಾಟಿನ ಬಾಗಿಲು ತೆರೆಯುತ್ತದೆಯೇ, ಹಾಲ್‌ನಲ್ಲಿ ಕೂಲರಿಗೆ ಪ್ಲಗ್ ಯಾವ ಕಡೆ ಇದೆ, ಇಂಥವು. ಖಾಸಗಿ ಶಾಲೆಯೊಂದರ ಶಿಕ್ಷಕರ ಕುಟುಂಬ ಸಂಜೆ ಗಿರಣಿ ನಡೆಯುವ ಹೊತ್ತಿಗೇ ಬಂದು, ಕಿಟಕಿ ತೆರೆದು ನೋಡಿ, ಕಲೆಯ ಸುತ್ತ ಎಳೆದ ಗೆರೆಯ ಫೋಟೊ ತೆಗೆದುಕೊಂಡು, ಮರುವಾರ ಅಡ್ವಾನ್ಸ್ ಕೊಟ್ಟರು. ‘ಈ ವಿಡಿಯೊ ಏಪ್ರಿಲ್ ತಿಂಗಳಲ್ಲಿ ತೆಗೆದದ್ದು’ ಎಂಬ ಸಾಲು ಕೊನೆಯಲ್ಲಿದೆ. ಮಳೆಗಾಲ ಕಳೆದ ಮೇಲೆ ಚಾವಣಿಯ ಭಾಗವನ್ನು ಹೊಸದಾಗಿ ತೆಗೆದು, ಮಾತನ್ನು ಬದಲಿಸಿ ಇಟ್ಟುಕೊಳ್ಳಬೇಕೆಂದಿದ್ದೇನೆ.